ಮಜರೆಗೆ ಸಿಗ್ನಲ್: ಪಂಚಾಯಿತಿ ಅರ್ಜಿ ಎಲ್ಲಿಗೆ ಬಂತು

ನಮ್ಮ ಮಜರೆ ಶಿರಸಿ ಕಡೆಯ ಒಂದು ಕಣಿವೆಯಲ್ಲಿದೆ. ಮೂಲ ಊರಿನಲ್ಲಿ 4ಜಿ ಚೆನ್ನಾಗಿಯೇ ಸಿಗುತ್ತದೆ. ಗುಡ್ಡ ಹತ್ತಿ ಈಚೆ ಇಳಿದರೆ ಫೋನು ಸುಮ್ಮನಾಗುತ್ತದೆ. ರಾತ್ರಿ ಯಾರಿಗಾದರೂ ಹಾವು ಕಚ್ಚಿದರೆ 108ಕ್ಕೆ ಕರೆ ಮಾಡಲು ಗುಡ್ಡದ ತಿರುವಿನವರೆಗೆ ಓಡಬೇಕು.

ಅರ್ಜಿಯಲ್ಲಿ ಎಲ್ಲಕ್ಕಿಂತ ಮೊದಲು ಬರೆಯಬೇಕಾದದ್ದು ಇದನ್ನೇ: ಮೂಲ ಊರಿಗೆ ಸಿಗ್ನಲ್ ಇದೆ, ಮಜರೆಗೆ ಇಲ್ಲ. ಕಾರಣ ಇದೆ. 2022ರ ಜುಲೈನಲ್ಲಿ ಕೇಂದ್ರ ಸಂಪುಟ ಸಿಗ್ನಲ್ ಇಲ್ಲದ 24,680 ಹಳ್ಳಿಗಳಿಗೆ 4ಜಿ ಕೊಡುವ ಯೋಜನೆ ಒಪ್ಪಿತು. ಕೆಲಸ ಬಿಎಸ್‌ಎನ್‌ಎಲ್‌ನದು. ಆದರೆ ಇಂಥ ಲೆಕ್ಕ ಸಾಮಾನ್ಯವಾಗಿ ಕಂದಾಯ ಗ್ರಾಮದ ಹೆಸರಿನಲ್ಲಿ ನಡೆಯುತ್ತದೆ. ಮೂಲ ಊರಿನಲ್ಲಿ ಕಡ್ಡಿ ಕಂಡರೆ ಇಡೀ ಗ್ರಾಮಕ್ಕೆ ಸಿಗ್ನಲ್ ಇದೆ ಅಂತಾಗುತ್ತದೆ. ಮಜರೆ ಲೆಕ್ಕಕ್ಕೇ ಬರುವುದಿಲ್ಲ.

ಹಾಗಾಗಿ ಅಳತೆ ಮಾಡಿದೆವು. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ `About phone`, ಅದರೊಳಗೆ `SIM status` ತೆಗೆದರೆ ಸಿಗ್ನಲ್ ಬಲ `dBm` ಲೆಕ್ಕದಲ್ಲಿ ಕಾಣುತ್ತದೆ. ಮೈನಸ್ ಸಂಖ್ಯೆ ದೊಡ್ಡದಾದಷ್ಟೂ ಸಿಗ್ನಲ್ ಬಡವಾಗುತ್ತದೆ. ಗುಡ್ಡದ ತಿರುವಿನಲ್ಲಿ -98 ಬಂತು, ಮಾತಾಡಬಹುದು. ಹಳ್ಳದ ಸಂಕದ ಹತ್ತಿರ -117, ಕರೆ ಹೋದರೂ ನಿಲ್ಲುವುದಿಲ್ಲ. ಅಂಗಳಗಳಲ್ಲಿ ಏನೂ ಇಲ್ಲ. ಪ್ರತಿ ಜಾಗದ ಸ್ಕ್ರೀನ್‌ಶಾಟ್, ಅಕ್ಷಾಂಶ-ರೇಖಾಂಶ, ಯಾವ ಕಂಪನಿಯ ಸಿಮ್, ಯಾವ ಹೊತ್ತು ಅಂತ ಬರೆದು ಅರ್ಜಿಗೆ ಲಗತ್ತಿಸಿದ್ದೇವೆ. ‘ಸಿಗ್ನಲ್ ಸಿಗಲ್ಲ’ ಅನ್ನುವ ಮಾತಿಗೆ ‘ಪರಿಶೀಲಿಸುತ್ತೇವೆ’ ಅನ್ನಬಹುದು. ಈ ಕಾಗದ ಇದ್ದರೆ ಹಾಗೆ ಅಂದು ಕಳಿಸುವುದು ಕಷ್ಟ.

ಜಾಸ್ತಿ ಚರ್ಚೆಯಾಗಿದ್ದು ಜಾಗದ ಬಗ್ಗೆ. ಟವರ್‌ಗೆ ಎತ್ತರದ ಜಾಗ ಬೇಕು, ಕರೆಂಟ್ ಲೈನ್ ಹತ್ತಿರವಿರಬೇಕು, ಜೀಪು ಹತ್ತಬೇಕು. ಊರವರೆಲ್ಲ ಸೊಪ್ಪಿನ ಬೆಟ್ಟದ ತುದಿ ತೋರಿಸಿದರು. ಅದು ತೋಟಕ್ಕೆ ಸೊಪ್ಪು ತರಲು ಬಿಟ್ಟ ಬೆಟ್ಟ, ಆದರೆ ಅರಣ್ಯ ಜಮೀನು. ಅಲ್ಲಿ ಟವರ್ ಅಂದರೆ ಅರಣ್ಯ ಅನುಮತಿ, ಕಡತ ವರ್ಷಗಟ್ಟಲೆ ಕೂರಬಹುದು. ಅದಕ್ಕೇ ತುಸು ಕೆಳಗಿನ ಒಂದು ಮಾಲ್ಕಿ ಜಾಗದ ಸರ್ವೆ ನಂಬರ್ ಹಾಕಿದೆವು, ಮಾಲೀಕರ ಒಪ್ಪಿಗೆ ಪತ್ರದ ಜೊತೆ.

ಪಂಚಾಯಿತಿ ಟವರ್ ಹಾಕಿಸುವುದಿಲ್ಲ, ಅದು ಗೊತ್ತು. ಅದರ ಕೈಲಾಗುವುದನ್ನಷ್ಟೇ ಕೇಳಿದ್ದೇವೆ:

“ಮಾನ್ಯ ಪಿಡಿಒ ಅವರಿಗೆ, ನಮ್ಮ ಮಜರೆಯನ್ನು ಸಿಗ್ನಲ್ ಇಲ್ಲದ ಜನವಸತಿ ಎಂದು ಪ್ರತ್ಯೇಕವಾಗಿ ಗುರುತಿಸಿ, ಗ್ರಾಮ ಸಭೆಯಲ್ಲಿ ಠರಾವು ಮಾಡಿ, ಅದರ ಪ್ರತಿಯನ್ನು ಅಳತೆಯ ವಿವರಗಳೊಂದಿಗೆ ತಹಶೀಲ್ದಾರರಿಗೂ ಬಿಎಸ್‌ಎನ್‌ಎಲ್ ಜಿಲ್ಲಾ ಕಚೇರಿಗೂ ಕಳುಹಿಸಬೇಕಾಗಿ ವಿನಂತಿ.”

ಅರ್ಜಿ ಕೊಟ್ಟು, ನಮ್ಮ ಪ್ರತಿಯ ಮೇಲೆ ಸ್ವೀಕೃತಿ ಸೀಲು ಮತ್ತು ನಂಬರು ಹಾಕಿಸಿಕೊಂಡು ಬಂದಿದ್ದೇವೆ. ಗ್ರಾಮ ಸಭೆಗೆ ಮೊದಲು ವಾರ್ಡ್ ಸಭೆ ಇದೆ. ಅಲ್ಲಿ ವಿಷಯ ಬರೆಸಲು ಮನೆಗೊಬ್ಬರಾದರೂ ಬರುತ್ತೇವೆ ಅಂದಿದ್ದಾರೆ.