ದೊಡ್ಡಪ್ಪನ ಅರ್ಜಿ

ಸಾಗರದ ಹತ್ತಿರದ ನಮ್ಮೂರಿನಿಂದ ದೊಡ್ಡಪ್ಪ ಬೆಳಗಿನ ಬಸ್ಸಿಗೆ ಶಿವಮೊಗ್ಗಕ್ಕೆ ಬಂದಿದ್ದರು. ಕೈಯಲ್ಲಿ ಒಂದು ನೋಟ್‌ಬುಕ್ಕಿನ ಹಾಳೆ, ಎರಡು ಬದಿಯೂ ತುಂಬ ಬರೆದಿದ್ದು. ಕೊಳೆರೋಗದಿಂದ ಅಡಿಕೆ ಹೋಗಿದೆ, ಪರಿಹಾರ ಕೊಡಿ ಅಂತ ಅರ್ಜಿ.

"ನೀನು ದಿನಾ ಟೈಪ್ ಮಾಡೋಳು. ಸ್ವಲ್ಪ ಚಂದ ಮಾಡಿ ಕೊಡು ಮಾರಾಯ್ತಿ" ಅಂದರು. ನಾನು ಹತ್ತು ವರ್ಷದಿಂದ ಡಿಟಿಪಿ ಕೆಲಸ ಮಾಡುತ್ತೇನೆ. ಇಂಥ ಅರ್ಜಿ ನೂರಾರು ತಿದ್ದಿದ್ದೇನೆ. ಅವರು ಕಾಫಿ ಕುಡಿಯುವಷ್ಟರಲ್ಲಿ ಒಂದು ಪುಟ ಸಿದ್ಧವಾಯಿತು. ವಿಷಯ, ಉಲ್ಲೇಖ, ಸರ್ವೆ ನಂಬರ್ ಎಲ್ಲ ಮೇಲೆ ಬಂತು. ಕಾಗುಣಿತ ಸರಿಹೋಯಿತು. ನೋಡಲು ಚೆನ್ನಾಗಿತ್ತು.

ಪ್ರಿಂಟ್ ಕೊಡುವ ಮೊದಲು ನನ್ನದೊಂದು ಅಭ್ಯಾಸ ಇದೆ. ಮೂಲ ಹಾಳೆಯನ್ನು ಪಕ್ಕಕ್ಕೆ ಇಟ್ಟುಕೊಂಡು, ಬರೆದವರ ಕೈಯಲ್ಲೇ ಅದನ್ನು ಓದಿಸುತ್ತೇನೆ. ನನ್ನ ಕಣ್ಣು ನನ್ನ ಪ್ರತಿಯ ಮೇಲಿರುತ್ತದೆ. ಅವರು ಓದಿದ್ದು ಇಲ್ಲಿ ಎಲ್ಲಿದೆ ಅಂತ ಒಂದೊಂದೇ ಮಾತಿಗೂ ಪೆನ್ಸಿಲ್ ಗುರುತು ಹಾಕುತ್ತಾ ಹೋಗುತ್ತೇನೆ. ನಾನೇ ಎರಡನ್ನೂ ಓದಿದರೆ ಆಗುವುದಿಲ್ಲ. ನಾನು ಬರೆದಿದ್ದು ನನಗೆ ಸರಿಯಾಗೇ ಕಾಣುತ್ತದೆ ಅಲ್ವಾ?

ದೊಡ್ಡಪ್ಪ ಕನ್ನಡಕ ಏರಿಸಿ ಶುರು ಮಾಡಿದರು. ಹೆಸರು, ಊರು, ಸರ್ವೆ ನಂಬರ್ ಸರಿಯಿತ್ತು. "ಕೆಳಗಿನ ತೋಟ ಒಂದು ಎಕರೆ ಹತ್ತು ಗುಂಟೆ" ಅಂದರು. ನನ್ನ ಪ್ರತಿಯಲ್ಲಿ "1.10 ಎಕರೆ" ಅಂತಿತ್ತು. ಪಹಣಿಯಲ್ಲಿ ಹಾಗೇ ಬರೆಯುತ್ತಾರೆ. ಅಲ್ಲಿ ಚುಕ್ಕಿಯ ಆಚೆಗಿರುವುದು ಗುಂಟೆ ಅಂತ ಎಲ್ಲರಿಗೂ ಗೊತ್ತು. ಆದರೆ ಅರ್ಜಿಯಲ್ಲಿ "1.10 ಎಕರೆ" ಅಂತ ಓದಿದವರು ಅದನ್ನು ದಶಾಂಶ ಅಂದುಕೊಳ್ಳಬಹುದು. ಎಕರೆಗೆ ನಲವತ್ತು ಗುಂಟೆ. ದಶಾಂಶದ ಲೆಕ್ಕದಲ್ಲಿ 1.10 ಎಕರೆ ಅಂದರೆ ಒಂದು ಎಕರೆ ನಾಲ್ಕು ಗುಂಟೆ ಮಾತ್ರ. ಒಂದು ಎಕರೆ ಹತ್ತು ಗುಂಟೆಗೆ 1.25 ಆಗಬೇಕು. ನಾನು ಒಂದಂಕಿಯನ್ನೂ ಬದಲಿಸಿರಲಿಲ್ಲ. ಬರೆಯುವ ರೀತಿ ಬದಲಿಸಿದ್ದಕ್ಕೇ ಆರು ಗುಂಟೆ ಹೋಗುತ್ತಿತ್ತು. "1 ಎಕರೆ 10 ಗುಂಟೆ" ಅಂತ ಬಿಡಿಸಿ ಬರೆದೆ.

ಮುಂದಿನ ಪ್ಯಾರಾ ಔಷಧಿಯದು. ದೊಡ್ಡಪ್ಪ ನಿಧಾನಕ್ಕೆ ಓದಿದರು. "ಜೂನ್ ಆರಕ್ಕೆ ಮೊದಲ ಸಲ ಔಷಧಿ ಹೊಡೆಸಿದೀನಿ. ಎರಡನೇದಕ್ಕೆ ಮೈಲುತುತ್ತ, ಸುಣ್ಣ ಎಲ್ಲ ತಂದು ಇಟ್ಟಿದ್ದೆ. ಜುಲೈ ಹದಿನಾರರಿಂದ ಹದಿನೆಂಟು ದಿನ ಮಳೆ ಹೊಳ ಆಗಲಿಲ್ಲ. ಕೊನೆಗೌಡ ಎರಡು ಸಲ ಬಂದು ವಾಪಸ್ ಹೋದ. ಹೊಡೆಸೋಕೆ ಆಗಲಿಲ್ಲ."

ನಾನು ಇಷ್ಟನ್ನೂ ಒಂದೇ ವಾಕ್ಯ ಮಾಡಿದ್ದೆ. "ಮುಂಗಾರು ಪೂರ್ವದಲ್ಲಿ ಮೊದಲ ಸಿಂಪಡಣೆ ಕೈಗೊಂಡಿದ್ದು, ಮಳೆಯ ತೀವ್ರತೆ ಕಡಿಮೆಯಾಗದ ಕಾರಣ ಹಾಗೂ ಕಾರ್ಮಿಕರ ಕೊರತೆಯಿಂದ ಎರಡನೇ ಸಿಂಪಡಣೆ ಮಾಡಿರುವುದಿಲ್ಲ."

ಪೆನ್ಸಿಲ್ ಅಲ್ಲೇ ನಿಂತಿತು. ಆಗಲಿಲ್ಲ ಅನ್ನುವುದು ಮಾಡಿಲ್ಲ ಅಂತಾಗಿಬಿಟ್ಟಿದೆ. ಬೋರ್ಡೋ ದ್ರಾವಣದ ಲೆಕ್ಕ ಅಡಿಕೆ ಬೆಳೆಯುವವರಿಗೆಲ್ಲ ಗೊತ್ತು. ನೂರು ಲೀಟರ್ ನೀರಿಗೆ ಒಂದು ಕೇಜಿ ಮೈಲುತುತ್ತ, ಒಂದು ಕೇಜಿ ಸುಣ್ಣ. ಮಳೆಗಾಲ ಹಿಡಿಯುವ ಮೊದಲು ಒಂದು ಸಲ, ಅದಾಗಿ ನಲವತ್ತು ನಲವತ್ತೈದು ದಿನಕ್ಕೆ ಇನ್ನೊಂದು ಸಲ. ಜೂನ್ 6ಕ್ಕೆ ನಲವತ್ತು ದಿನ ಸೇರಿಸಿದರೆ ಜುಲೈ 16. ಎರಡನೇ ಸಲ ಹೊಡೆಯಬೇಕಾದ ದಿನವೇ ಮಳೆ ಕೂತಿದೆ. ದೊಡ್ಡಪ್ಪನ ದಿನಾಂಕಗಳು ತಾವಾಗೇ ಅದನ್ನು ಹೇಳುತ್ತಿದ್ದವು. ನಾನು ಆ ದಿನಾಂಕಗಳನ್ನೇ ತೆಗೆದಿದ್ದೆ. ನನ್ನ ವಾಕ್ಯ ಓದಿದವರು ರೈತನೇ ಅಸಡ್ಡೆ ಮಾಡಿದ್ದಾನೆ ಅಂದುಕೊಂಡರೆ ಅವರ ತಪ್ಪಲ್ಲ.

"ಹೊಳ" ಕೂಡ ಹೋಗಿತ್ತು. ಮಳೆ ಸ್ವಲ್ಪ ಹೊತ್ತು ಪೂರ್ತಿ ನಿಂತು ಬೆಳಕಾದರೆ ಹೊಳ. ತೀವ್ರತೆ ಕಡಿಮೆಯಾಗುವುದು ಬೇರೆ. ಜಿಟಿ ಜಿಟಿ ಮಳೆಯಲ್ಲೂ ಔಷಧಿ ಹೊಡೆಯಲು ಬರುವುದಿಲ್ಲ. ಅಡಿಕೆ ಕೊನೆ ಒಣಗಿರಬೇಕು, ಹೊಡೆದ ಮೇಲೆ ಔಷಧಿ ಅಂಟಿಕೊಳ್ಳಲು ಸ್ವಲ್ಪ ಹೊತ್ತಾದರೂ ಬೇಕು. ಮರ ಜಾರುತ್ತದೆ, ಹತ್ತಲೂ ಆಗುವುದಿಲ್ಲ.

ಇನ್ನು "ಕಾರ್ಮಿಕರ ಕೊರತೆ". ಇದನ್ನು ದೊಡ್ಡಪ್ಪ ಎಲ್ಲೂ ಬರೆದಿರಲಿಲ್ಲ. ಇಂಥ ಅರ್ಜಿಗಳಲ್ಲಿ ಟೈಪ್ ಮಾಡಿ ಮಾಡಿ ನನ್ನ ಕೈಗೆ ಅದು ರೂಢಿಯಾಗಿತ್ತು. ಕೊನೆಗೌಡ ವಾಪಸ್ ಹೋದ ಅಂತ ನೋಡಿದ್ದೇ ಆಳು ಸಿಗಲಿಲ್ಲ ಅಂತ ಬರೆದುಬಿಟ್ಟಿದ್ದೆ.

"ಆಳು ಇಲ್ಲ ಅಂತ ನಾನು ಯಾವಾಗ ಹೇಳ್ದೆ?" ಅಂದರು ದೊಡ್ಡಪ್ಪ. "ಪಾಪ, ಅವನು ಎರಡು ಸಲ ಬಂದಿದ್ದ. ಮಳೇಲೇ ನಡ್ಕೊಂಡು ಬಂದಿದ್ದ."

ಆ ಪ್ಯಾರಾ ಪೂರ್ತಿ ಅಳಿಸಿದೆ. ಅವರ ಐದೂ ವಾಕ್ಯಗಳನ್ನು ಹಾಗೇ ಹಾಕಿದೆ. ಹೊಡೆಸಿದೀನಿ ಅನ್ನುವುದು ಹೊಡೆಸಿದ್ದೇನೆ ಅಂತಾಯಿತು, ಅಷ್ಟೇ. ಕೊನೆಗೌಡ ಕೊನೆಗೌಡನಾಗೇ ಉಳಿದ. ಮರ ಹತ್ತಿ ಔಷಧಿ ಹೊಡೆಯುವ ಕೆಲಸ ಬಲ್ಲವನು ಅವನು, ಯಾರೋ ಒಬ್ಬ ಕೂಲಿ ಆಳಲ್ಲ.

ನಷ್ಟದ ಜಾಗದಲ್ಲಿ ನಾನು "ಶೇಕಡಾ 75ರಷ್ಟು ಬೆಳೆ ನಾಶವಾಗಿದೆ" ಅಂತ ಬರೆದಿದ್ದೆ. ಅವರದು ಹೀಗಿತ್ತು: "ಕೆಳಗಿನ ತೋಟದಲ್ಲಿ ಸುಮಾರು ಮುಕ್ಕಾಲು ಪಾಲು ಉದುರಿದೆ. ಮೇಲಿನ ತೋಟ ಅಷ್ಟಾಗಿ ಇಲ್ಲ." ಮುಕ್ಕಾಲು ಅಂದರೆ 75 ತಾನೇ ಅಂತ ನಾನು ಯೋಚಿಸಿದ್ದು. ಆದರೆ ಅವರದು ಕಣ್ಣಂದಾಜು, ನನ್ನದು ಯಾರೋ ಎಣಿಸಿದ ಹಾಗೆ ಕೇಳುತ್ತದೆ. ಅದಕ್ಕಿಂತ ಹೆಚ್ಚಾಗಿ, ಮೇಲಿನ ತೋಟದ ಮಾತನ್ನೇ ಬಿಟ್ಟಿದ್ದೆ. ಹಾಗೆ ಬಿಟ್ಟರೆ ಎರಡೂ ತೋಟ ಹೋಗಿದೆ ಅಂತ ಅರ್ಥ. ನೋಡಲು ಬಂದವರು ಮೊದಲು ಮೇಲಿನ ತೋಟ ಹೊಕ್ಕರೆ ಕೆಳಗಿನದನ್ನೂ ನಂಬುವುದಿಲ್ಲ. ಎರಡೂ ವಾಕ್ಯ ವಾಪಸ್ ಬಂದವು.

ಕಡೆಗೆ ಒಂದು ಸಾಲು ನನ್ನ ಪ್ರತಿಯಲ್ಲಿ ಎಲ್ಲೂ ಸಿಗಲಿಲ್ಲ. "ಹಸಿರು ಹರಳು ಬಿದ್ದು ಕೊಳೆತ ವಾಸನೆಗೆ ತೋಟಕ್ಕೆ ಇಳಿಯೋಕೆ ಮನಸ್ಸು ಬರೋದಿಲ್ಲ." ಕಚೇರಿಗೆ ಇದೆಲ್ಲ ಬೇಡ ಅಂತ ಬಿಟ್ಟಿದ್ದೆ. ನಿಜವಾಗಿ ಹೇಳುತ್ತೇನೆ, ಇಡೀ ಅರ್ಜಿಯಲ್ಲಿ ನನಗೆ ತೋಟ ಕಂಡಿದ್ದು ಆ ಒಂದು ಸಾಲಿನಲ್ಲಿ. ಆ ವಾಸನೆ ನನಗೂ ಗೊತ್ತು.

"ಇದು ಇರ್ಲಾ ದೊಡ್ಡಪ್ಪ?"

"ಇರ್ಲಿ. ನಿಜ ಅಲ್ವಾ."

ಆಮೇಲೆ ಹೊಸ ಪ್ರತಿ ಅವರ ಕೈಗೆ ಕೊಟ್ಟು ಜೋರಾಗಿ ಓದಿ ಅಂದೆ. ಓದುವಾಗ ಎಲ್ಲಿ ತಡವರಿಸುತ್ತಾರೋ ಅದು ನನ್ನ ಮಾತು. "ಸದರಿ" ಹತ್ತಿರ ತಡವರಿಸಿದರು. ಅದನ್ನು "ಈ" ಮಾಡಿದೆ. "ಮೇಲ್ಕಾಣಿಸಿದ" ಅನ್ನುವ ಕಡೆ ನಿಂತು ನನ್ನ ಮುಖ ನೋಡಿದರು. ಅದೂ ಹೋಯಿತು. "ತಮ್ಮಲ್ಲಿ ವಿನಂತಿ" ಮಾತ್ರ ಸಲೀಸಾಗಿ ಓದಿದರು. ಅದು ಅವರದೇ ಹಾಳೆಯಲ್ಲಿತ್ತು.

ಪ್ರಿಂಟ್ ಒತ್ತುವವಳಿದ್ದೆ. ದೊಡ್ಡಪ್ಪ ಪರದೆಯ ಮೇಲೆ ಬೆರಳಿಟ್ಟರು. ತಿದ್ದುವಾಗ, ಲೆಕ್ಕ ಹೆಚ್ಚು ಕಮ್ಮಿ ಆದರೆ ಇರಲಿ ಅಂತ ನಾನು "ಸುಮಾರು 18 ದಿನ" ಅಂತ ಸೇರಿಸಿದ್ದೆ.

"ಇಲ್ಲಿ ಸುಮಾರು ಯಾಕೆ ಬಂತು? ಅಡಿಗೆಮನೆ ಕ್ಯಾಲೆಂಡರ್‌ನಲ್ಲಿ ದಿನಾ ಗೀಟು ಹಾಕಿದೀನಿ. ಆಗಸ್ಟ್ ಮೂರಕ್ಕೆ ಹೊಳ ಆಗಿದ್ದು."

ಕ್ಯಾಲೆಂಡರ್ ನೋಡಿ ಎಣಿಸಿದೆ. ಜುಲೈನದು ಹದಿನಾರು, ಆಗಸ್ಟಿನದು ಎರಡು. ಆ ಪದ ಅಳಿಸಿ, ಎರಡು ಪ್ರತಿ ತೆಗೆದು, ಸಹಿಗೆ ಕೊಟ್ಟೆ.