ಕೊನೇ ಸಾಲನ್ನು ನಂಬಿ ತಪ್ಪಿಗೆ ಟಿಕ್ ಹಾಕಿದ್ದು

ಗಣಿತದ ಅಭ್ಯಾಸ ಪುಸ್ತಕಗಳು ಅಚ್ಚಿಗೆ ಹೋಗುವ ಮೊದಲು ಅವುಗಳ ಉತ್ತರಗಳನ್ನು ನೋಡಿ ಕೊಡುವುದು ನನ್ನ ಕೆಲಸ. ಲೆಕ್ಕ ಬಿಡಿಸುವವರು ಒಬ್ಬರು, ಚಿತ್ರ ಬರೆಯುವವರು ಇನ್ನೊಬ್ಬರು, ತಪ್ಪು ಹುಡುಕುವುದು ನಾನು. ಅಸಮತೆಗಳ ಅಧ್ಯಾಯ ಬಂದರೆ ಮೊದಲೆಲ್ಲ ಖುಷಿಯಾಗುತ್ತಿತ್ತು. ಒಂದು ಸಂಖ್ಯಾರೇಖೆ, ಅದರ ಮೇಲೊಂದು ಸಣ್ಣ ವೃತ್ತ, ಅಲ್ಲಿಂದ ಒಂದು ಕಡೆಗೆ ದಪ್ಪ ಗೆರೆ. ಅದರಲ್ಲಿ ತಪ್ಪಲು ಏನಿದೆ, ಅಲ್ವಾ?

ನಾನು ನೋಡುತ್ತಿದ್ದ ರೀತಿಯೂ ಸುಲಭದ್ದೇ. ಉತ್ತರದ ಕೊನೇ ಸಾಲಿನಲ್ಲಿ x ≥ 3 ಅಂತ ಇದ್ದರೆ 3ರ ಮೇಲೆ ತುಂಬಿದ ವೃತ್ತ ಇದೆಯಾ, ಗೆರೆ ಬಲಕ್ಕೆ ಹೋಗಿದೆಯಾ ಅಂತ ನೋಡುವುದು. x < 3 ಅಂತ ಇದ್ದರೆ ಖಾಲಿ ವೃತ್ತ, ಎಡಕ್ಕೆ ಗೆರೆ. ಸರಿ ಇದ್ದರೆ ಟಿಕ್, ಮುಂದಿನದು. ಒಂದು ಪುಟ ಮುಗಿಸಲು ಐದು ನಿಮಿಷವೂ ಬೇಕಾಗುತ್ತಿರಲಿಲ್ಲ.

ಒಂದು ಸಲ ಪುಸ್ತಕ ಹೊರಗೆ ಹೋದ ಮೇಲೆ ಪಾಠ ಮಾಡುವವರೊಬ್ಬರು ಬರೆದು ಕೇಳಿದರು. ನಿಮ್ಮ ಉತ್ತರದ ಪ್ರಕಾರ 0 ಈ ಅಸಮತೆಗೆ ಪರಿಹಾರ ಅಲ್ಲ, ಆದರೆ ಹಾಕಿ ನೋಡಿದರೆ ಸರಿಹೋಗುತ್ತದಲ್ಲ, ಹೇಗೆ? ಲೆಕ್ಕ ಇದು:

4 − 3x < 10

ಬಿಡಿಸಿದವರು ಎರಡೂ ಕಡೆಯಿಂದ 4 ಕಳೆದು −3x < 6 ಅಂತ ಬರೆದಿದ್ದರು. ಆಮೇಲೆ −3ರಿಂದ ಭಾಗಿಸಿ x < −2 ಅಂದಿದ್ದರು. ಋಣ ಸಂಖ್ಯೆಯಿಂದ ಭಾಗಿಸುವಾಗ ಚಿಹ್ನೆ ತಿರುಗಬೇಕಿತ್ತು, ತಿರುಗಿರಲಿಲ್ಲ. ಸರಿಯಾದ ಉತ್ತರ x > −2. ಚಿತ್ರ ಬರೆದವರ ತಪ್ಪೇನೂ ಇಲ್ಲ. ಅವರು x < −2 ಅನ್ನೋದನ್ನೇ ಅಚ್ಚುಕಟ್ಟಾಗಿ ಬರೆದಿದ್ದರು. −2ರ ಮೇಲೆ ಖಾಲಿ ವೃತ್ತ, ಎಡಕ್ಕೆ ಗೆರೆ. ಕೊನೇ ಸಾಲಿಗೂ ಚಿತ್ರಕ್ಕೂ ಪಕ್ಕಾ ತಾಳೆ. ನಾನು ಟಿಕ್ ಹಾಕಿದ್ದೆ.

ನಮ್ಮ ಹಿರಿಯ ಸಂಪಾದಕರು ಬೈಯಲಿಲ್ಲ. ನನ್ನ ಟಿಕ್ ಇದ್ದ ಹಾಳೆಯನ್ನು ಮುಂದಿಟ್ಟು, "ನೀವು ಉತ್ತರವನ್ನು ಉತ್ತರದ ಜೊತೆಗೇ ಹೋಲಿಸಿದ್ದೀರಿ. ಪ್ರಶ್ನೆಯನ್ನು ನೋಡೇ ಇಲ್ಲ" ಅಂದರು. ಬೈದಿದ್ದರೇ ವಾಸಿಯಿತ್ತು.

ಈ ಚಿತ್ರದಲ್ಲಿ ಇನ್ನೊಂದು ವಿಷಯ ಇದೆ. ವೃತ್ತದ ಜಾಗ ಸರಿಯಾಗಿಯೇ ಇತ್ತು, ಅದು ಖಾಲಿ ಇದ್ದದ್ದೂ ಸರಿ. ಚಿಹ್ನೆ ತಿರುಗಿಸಲು ಮರೆತರೆ ಹಾಳಾಗುವುದು ದಿಕ್ಕು ಮಾತ್ರ. < ಇದ್ದದ್ದು ತಿರುಗಿದರೆ > ಆಗುತ್ತದೆ, ≤ ತಿರುಗಿದರೆ ≥ ಆಗುತ್ತದೆ. ಸಮ ಅನ್ನುವ ಅಡಿಗೆರೆ ಹೊಸದಾಗಿ ಬರುವುದಿಲ್ಲ, ಇದ್ದದ್ದು ಹೋಗುವುದೂ ಇಲ್ಲ. ಹಾಗಾಗಿ ಇಂಥ ತಪ್ಪು ಚಿತ್ರ ಮುಕ್ಕಾಲು ಪಾಲು ಸರಿಯಾಗಿಯೇ ಕಾಣುತ್ತದೆ. ಕಣ್ಣು ಮೋಸ ಹೋಗುವುದು ಅಲ್ಲೇ.

ಈಗ ಬಿಡಿಸಿದ ಸಾಲುಗಳನ್ನು ಕೈಯಿಂದ ಮುಚ್ಚಿಕೊಳ್ಳುತ್ತೇನೆ, ನಿಜವಾಗಿಯೂ. ಪ್ರಶ್ನೆ ಮತ್ತು ಚಿತ್ರ ಎರಡೇ ಕಾಣಬೇಕು. ಮೊದಲು ವೃತ್ತ ಇರುವ ಸಂಖ್ಯೆಯನ್ನು ಪ್ರಶ್ನೆಯಲ್ಲಿ ಹಾಕುತ್ತೇನೆ. 4 − 3(−2) ಅಂದರೆ 4 + 6 = 10. ಬಲಗಡೆಯೂ 10. ಎರಡೂ ಕಡೆ ಸಮ ಬಂತು ಅಂದರೆ ವೃತ್ತ ಸರಿಯಾದ ಜಾಗದಲ್ಲಿದೆ. 10 < 10 ನಿಜವಾ? ಅಲ್ಲ. ಹಾಗಾದರೆ −2 ಪರಿಹಾರಕ್ಕೆ ಸೇರುವುದಿಲ್ಲ, ವೃತ್ತ ಖಾಲಿ ಇರಬೇಕು. ಪ್ರಶ್ನೆಯಲ್ಲಿ ≤ ಇದ್ದಿದ್ದರೆ 10 ≤ 10 ನಿಜ, ಆಗ ತುಂಬಿದ ವೃತ್ತ. ಆಮೇಲೆ 0 ಹಾಕುತ್ತೇನೆ. 4 < 10, ನಿಜ. ಅಂದರೆ 0 ದಪ್ಪ ಗೆರೆಯ ಒಳಗೆ ಇರಬೇಕು. ಚಿತ್ರದಲ್ಲಿ ಗೆರೆ −2ರಿಂದ ಎಡಕ್ಕೆ ಹೋಗಿದೆ, 0 ಹೊರಗೇ ಉಳಿದಿದೆ. ಹತ್ತು ಸೆಕೆಂಡಿನಲ್ಲಿ ಸಿಗುವ ತಪ್ಪಿದು.

0 ಒಂದನ್ನೇ ಹಾಕಿ ನೋಡಿದರೆ ಸಾಕಲ್ಲ ಅಂತ ನಾನೂ ಕೆಲವು ದಿನ ಅಂದುಕೊಂಡಿದ್ದೆ. ಸಾಲದು. ಇದೇ ಲೆಕ್ಕದಲ್ಲಿ ಯಾರೋ 4 ಕಳೆಯುವ ಬದಲು ಕೂಡಿಸಿದರು ಅಂತಿಟ್ಟುಕೊಳ್ಳಿ. −3x < 14 ಆಗುತ್ತದೆ, ವೃತ್ತ −14/3ರ ಮೇಲೆ, ಅಂದರೆ −5ರ ಹತ್ತಿರ ಬಂದು ಕೂರುತ್ತದೆ. ಗೆರೆ ಬಲಕ್ಕೆ. 0 ಆರಾಮಾಗಿ ಅದರೊಳಗೆ ಇರುತ್ತದೆ, ಪರೀಕ್ಷೆ ಪಾಸು. ಆದರೆ −14/3 ಅನ್ನು ಪ್ರಶ್ನೆಯಲ್ಲಿ ಹಾಕಿದರೆ 4 + 14 = 18 ಬರುತ್ತದೆ, 10 ಅಲ್ಲ. ಜಾಗವನ್ನು ವೃತ್ತದ ಸಂಖ್ಯೆ ಹೇಳುತ್ತದೆ, ದಿಕ್ಕನ್ನು ಇನ್ನೊಂದು ಸಂಖ್ಯೆ ಹೇಳುತ್ತದೆ. ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ.

ದಿಕ್ಕು ತಪ್ಪುವುದಕ್ಕೆ ಇನ್ನೊಂದು ಕಾರಣವೂ ಇದೆ. ಅದರಲ್ಲಿ ಲೆಕ್ಕ ಸರಿಯಾಗಿಯೇ ಇರುತ್ತದೆ. 9 ≤ 1 − 4x ಅನ್ನೋದನ್ನು ಬಿಡಿಸಿದರೆ 8 ≤ −4x, ಆಮೇಲೆ −2 ≥ x. ಚಿಹ್ನೆಯನ್ನೂ ಸರಿಯಾಗಿ ತಿರುಗಿಸಿದ್ದಾರೆ. ಚಿತ್ರದಲ್ಲಿ ನೋಡಿದರೆ −2ರಿಂದ ಬಲಕ್ಕೆ ಗೆರೆ! "ಚಿಹ್ನೆಯ ಮೂತಿ ಎತ್ತ ಇದೆಯೋ ಬಾಣವೂ ಅತ್ತ" ಅಂತ ಬಹಳ ಜನ ಕಲಿತಿರುತ್ತಾರೆ. x ಎಡಗಡೆ ಇದ್ದಾಗ ಮಾತ್ರ ಆ ಮಾತು ನಡೆಯುತ್ತದೆ. ಇಲ್ಲಿ −2 ದೊಡ್ಡದು ಅಥವಾ ಸಮ, x ಚಿಕ್ಕದು. x ≤ −2 ಅಂತ ಬರೆದುಕೊಂಡರೆ ಗೆರೆ ಎಡಕ್ಕೆ ಅಂತ ತಕ್ಷಣ ಕಾಣುತ್ತದೆ. ಹಾಗೆ ಬರೆಯುವಾಗಲೂ ಕೆಲವರು x ಮತ್ತು −2 ಅದಲುಬದಲು ಮಾಡಿ ಚಿಹ್ನೆಯನ್ನು ಹಾಗೇ ಬಿಡುತ್ತಾರೆ. ಏನೇ ಆಗಲಿ, ಪ್ರಶ್ನೆಯಲ್ಲಿ 0 ಹಾಕಿ. 9 ≤ 1 ಸುಳ್ಳು. 0 ಗೆರೆಯ ಹೊರಗಿರಬೇಕು.

ಎರಡು ತುದಿ ಇರುವ −1 < x ≤ 4 ತರಹದವುಗಳಲ್ಲಿ ಎರಡೂ ವೃತ್ತಗಳನ್ನು ಬೇರೆ ಬೇರೆಯಾಗಿಯೇ ನೋಡಬೇಕು. ಒಂದನ್ನು ನಕಲು ಮಾಡಿ ಇನ್ನೊಂದು ಕಡೆ ಅಂಟಿಸಿರುತ್ತಾರೆ, ಎರಡೂ ಖಾಲಿ ಇರುತ್ತವೆ ಅಥವಾ ಎರಡೂ ತುಂಬಿರುತ್ತವೆ.

ಗಣಿತಕ್ಕೆ ಸಂಬಂಧವೇ ಇಲ್ಲದ ಒಂದು ತೊಂದರೆ ನನ್ನನ್ನು ಜಾಸ್ತಿ ಸತಾಯಿಸಿದೆ. ಚಿತ್ರ ಬರೆಯುವ ಸಾಫ್ಟ್‌ವೇರಿನಲ್ಲಿ ಖಾಲಿ ವೃತ್ತವನ್ನು ಎರಡು ರೀತಿ ಮಾಡಬಹುದು. ಒಳಗೆ ಬಣ್ಣವೇ ಇಲ್ಲದಂತೆ ಬಿಡಬಹುದು, ಇಲ್ಲವೇ ಬಿಳಿ ತುಂಬಬಹುದು. ಬಣ್ಣ ಇಲ್ಲದೇ ಬಿಟ್ಟರೆ ಹಿಂದಿನ ಗೆರೆ ವೃತ್ತದ ಒಳಗಿಂದ ಹಾದುಹೋಗುವುದು ಕಾಣುತ್ತದೆ. ದೊಡ್ಡದು ಮಾಡಿ ನೋಡಿದಾಗ ವೃತ್ತ ಖಾಲಿ ಅಂತ ಗೊತ್ತಾಗುತ್ತದೆ. ಪುಟದಲ್ಲಿ ಚಿಕ್ಕದಾಗಿ ಅಚ್ಚಾದಾಗ ವೃತ್ತದ ಅಂಚು, ಒಳಗಿನ ದಪ್ಪ ಗೆರೆ ಎರಡೂ ಕೂಡಿಕೊಂಡು ಕಪ್ಪು ಚುಕ್ಕೆಯೇ ಆಗಿಬಿಡುತ್ತದೆ. x > −2 ಅಂತ ಕಳಿಸಿದ್ದು ಓದುವವರ ಕೈಗೆ x ≥ −2 ಆಗಿ ಸಿಗುತ್ತದೆ. ಹಾಗಾಗಿ ಒಳಗೆ ಬಿಳಿ ತುಂಬಿ, ವೃತ್ತ ಗೆರೆಯ ಮೇಲೆ ಬರುವಂತೆ ಇಡಿ ಅಂತ ಕೇಳಿಕೊಳ್ಳುತ್ತೇನೆ. ಕೊನೆಯ ಸಲ ನೋಡುವುದು ಕಾಗದದ ಮೇಲೆ, ಅಚ್ಚಾಗುವ ಅಳತೆಯಲ್ಲೇ.

ವೃತ್ತ 0ಯ ಮೇಲೇ ಇದ್ದರೆ ದಿಕ್ಕು ನೋಡಲು 0 ಉಪಯೋಗಕ್ಕೆ ಬರುವುದಿಲ್ಲ. ಹೋದ ವಾರ −2x ≥ 0 ಬಂದಿತ್ತು. ಅಭ್ಯಾಸಬಲದಿಂದ 0 ಹಾಕಿದೆ, 0 ≥ 0 ನಿಜ, ಒಳಗಿದೆ ಅಂತ ಮುಂದೆ ಹೋಗುತ್ತಿದ್ದೆ. ಅದು ವೃತ್ತ ತುಂಬಿರಬೇಕು ಅಂತ ಹೇಳಿತ್ತೇ ಹೊರತು ದಿಕ್ಕನ್ನಲ್ಲ. ವಾಪಸ್ ಬಂದು 1 ಹಾಕಿದೆ. −2 ≥ 0 ಸುಳ್ಳು, ಅಂದರೆ ಗೆರೆ ಎಡಕ್ಕೆ ಇರಬೇಕು. ಚಿತ್ರದಲ್ಲಿ ಬಲಕ್ಕಿತ್ತು.