ತುಂಬಲು ಬಾರದ ಪಿಡಿಎಫ್ ಅರ್ಜಿ: ನಮೂನೆ ಮುಟ್ಟದೆ ಮೇಲೊಂದು ಪದರ

ಕಚೇರಿಯ ಆಡಳಿತ ವಿಭಾಗದಲ್ಲಿ ನನ್ನ ಕೆಲಸದ ಒಂದು ಭಾಗ, ಸಿಬ್ಬಂದಿಯ ಸರ್ಕಾರಿ ಅರ್ಜಿಗಳನ್ನು ಸಿದ್ಧಪಡಿಸಿಕೊಡುವುದು. ನಮೂನೆಗಳಲ್ಲಿ ಬಹುಪಾಲು ಪಿಡಿಎಫ್ ರೂಪದಲ್ಲಿ ಬರುತ್ತವೆ, ಆದರೆ ಖಾಲಿ ಜಾಗದ ಮೇಲೆ ಎಷ್ಟು ಕ್ಲಿಕ್ ಮಾಡಿದರೂ ಕರ್ಸರ್ ಮೂಡುವುದಿಲ್ಲ. ಯಾರೋ ವರ್ಡ್‌ನಲ್ಲಿ ತಯಾರಿಸಿ ಪಿಡಿಎಫ್ ಮಾಡಿರುತ್ತಾರೆ, ಇಲ್ಲವೇ ಅಚ್ಚಾದ ಹಾಳೆಯನ್ನು ಸ್ಕ್ಯಾನ್ ಮಾಡಿ ಹಾಕಿರುತ್ತಾರೆ. ಹೊಸದಾಗಿ ಸೇರಿದವರು ಮೊದಲು ಕೇಳುವುದು ಒಂದೇ: "ಮೇಡಂ, ಇದನ್ನ ವರ್ಡ್‌ಗೆ ಕನ್ವರ್ಟ್ ಮಾಡಿ ತುಂಬಿಬಿಡ್ಲಾ?" ಬೇಡ ಅನ್ನುತ್ತೇನೆ.

ಕಾರಣ ಇದೆ. ಪಿಡಿಎಫ್‌ನಲ್ಲಿ ಪ್ಯಾರಾ, ಕೋಷ್ಟಕ ಎಂಬ ರಚನೆ ಸಾಮಾನ್ಯವಾಗಿ ಉಳಿದಿರುವುದಿಲ್ಲ. ಇಂಥ ಅಕ್ಷರ ಪುಟದ ಇಂಥ ಕಡೆ, ಇಂಥ ಗೆರೆ ಇಲ್ಲಿಂದ ಅಲ್ಲಿಗೆ, ಇಷ್ಟೇ ಇರುತ್ತದೆ. ಕನ್ವರ್ಟ್ ಮಾಡುವ ತಂತ್ರಾಂಶ ಅದನ್ನು ನೋಡಿ ಕೋಷ್ಟಕವನ್ನು ಊಹಿಸುತ್ತದೆ. ಊಹೆ ತಪ್ಪಿದಲ್ಲಿ ಕಾಲಂ ಜರುಗುತ್ತದೆ, ಕ್ರಮಸಂಖ್ಯೆ ಬದಲಾಗುತ್ತದೆ, ಮೂರು ಪುಟದ ನಮೂನೆ ನಾಲ್ಕು ಪುಟವಾಗುತ್ತದೆ. ಹಳೆಯ ನುಡಿ ಫಾಂಟ್‌ನಲ್ಲಿ ತಯಾರಾದ ಕನ್ನಡ ನಮೂನೆಯಾದರೆ ಇನ್ನೂ ಕಷ್ಟ: ಪುಟದಲ್ಲಿ "ಕನ್ನಡ" ಎಂದು ಚೆನ್ನಾಗಿಯೇ ಕಾಣುವ ಪದ ವರ್ಡ್‌ಗೆ ಬಂದಾಗ `PÀ£ÀßqÀ` ಆಗಿರುತ್ತದೆ. ಇದೆಲ್ಲಕ್ಕಿಂತ ದೊಡ್ಡ ಮಾತು ಘೋಷಣೆಯದು. ನಮೂನೆಯ ಕೊನೆಯಲ್ಲಿರುವ ಘೋಷಣೆಗೆ ಅರ್ಜಿದಾರರು ಸಹಿ ಹಾಕುತ್ತಾರೆ. ಆ ಪಠ್ಯದಲ್ಲಿ ಒಂದು ಪದ ಹೆಚ್ಚುಕಮ್ಮಿಯಾದರೂ ಅದು ಇಲಾಖೆ ಕೊಟ್ಟ ನಮೂನೆ ಅಲ್ಲ. ಹಾಗಾಗಿ ಮೂಲ ನಮೂನೆ ಹಾಗೇ ಕೆಳಗಿರಬೇಕು, ನಮ್ಮ ಉತ್ತರಗಳು ಅದರ ಮೇಲೆ ಬೇರೆ ಪದರವಾಗಿ ಕೂರಬೇಕು.

ಶುರು ಮಾಡುವ ಮುಂಚೆ ಸೂಚನೆಗಳನ್ನು ಪೂರ್ತಿ ಓದುತ್ತೇನೆ. ಅರ್ಜಿ ಕೊನೆಗೆ ಕಾಗದದಲ್ಲಿ ಹೋಗಬೇಕೋ, ಪೋರ್ಟಲ್‌ಗೆ ಅಪ್‌ಲೋಡ್ ಆಗಬೇಕೋ? "ಸ್ವಹಸ್ತಾಕ್ಷರದಲ್ಲಿ ಭರ್ತಿ ಮಾಡತಕ್ಕದ್ದು" ಎಂದಿದೆಯೇ? ಹಾಗಿದ್ದರೆ ಅಥವಾ ಒಬ್ಬರದೇ ಒಂದು ಅರ್ಜಿ ಕಾಗದದಲ್ಲಿ ಹೋಗುವುದಾದರೆ, ಪ್ರಿಂಟ್ ತೆಗೆದು ಕಪ್ಪು ಪೆನ್ನಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆಯುವುದೇ ಒಳ್ಳೆಯದು. ಅದಕ್ಕೆ ತಂತ್ರಾಂಶದ ಗೋಜೇ ಬೇಡ. ಟೈಪ್ ಮಾಡಿಯೇ ಕೊಡಬೇಕಾದ ಒಂದೆರಡು ಪುಟ ಇದ್ದರೆ ಅಡೋಬಿ ರೀಡರ್‌ನ `Fill & Sign` ಸಾಕು. ಎಡ್ಜ್, ಫೈರ್‌ಫಾಕ್ಸ್ ಬ್ರೌಸರ್‌ಗಳಲ್ಲೂ ಪಿಡಿಎಫ್ ಮೇಲೆ ಪಠ್ಯ ಬರೆಯುವ ಸೌಲಭ್ಯ ಇದೆ. ಇವೆಲ್ಲ ನಮ್ಮ ಕಂಪ್ಯೂಟರಿನಲ್ಲೇ ನಡೆಯುವ ಕೆಲಸ. ಗುರುತಿನ ಸಂಖ್ಯೆ, ಹುಟ್ಟಿದ ದಿನಾಂಕ, ಬ್ಯಾಂಕ್ ಖಾತೆ, ಸಹಿ ಎಲ್ಲವೂ ಒಂದೇ ಹಾಳೆಯಲ್ಲಿರುವ ದಾಖಲೆಯನ್ನು "ಉಚಿತವಾಗಿ ಪಿಡಿಎಫ್ ಎಡಿಟ್ ಮಾಡಿ" ಎನ್ನುವ ಅಪರಿಚಿತ ಜಾಲತಾಣಕ್ಕೆ ಏರಿಸಬಾರದು. ಈ ವಿಷಯದಲ್ಲಿ ನಾನು ಯಾರಿಗೂ ವಿನಾಯಿತಿ ಕೊಡುವುದಿಲ್ಲ.

ಒಂದು ಎಚ್ಚರಿಕೆ. ಬ್ರೌಸರ್‌ನಲ್ಲಿ ತೆರೆದಾಗ ನಮೂನೆಯ ಬದಲು `Please wait...` ಎಂದು ಶುರುವಾಗುವ ಒಂದೇ ಒಂದು ಪುಟ ಕಂಡರೆ ಅದು ತುಂಬಲು ಬಾರದ ಪಿಡಿಎಫ್ ಅಲ್ಲ. ಅದು ಬೇರೆ ಜಾತಿಯ ಫಾರಂ. ಫೈಲನ್ನು ಡೌನ್‌ಲೋಡ್ ಮಾಡಿ ಅಡೋಬಿ ರೀಡರ್‌ನಲ್ಲಿ ತೆರೆದರೆ ತುಂಬುವ ಜಾಗಗಳು ಕಾಣಿಸಿಕೊಳ್ಳುತ್ತವೆ.

ಈಗ ನಮಗೆ ಆಗಾಗ ಎದುರಾಗುವ ಪ್ರಸಂಗಕ್ಕೆ ಬರುತ್ತೇನೆ. ಒಂದೇ ನಮೂನೆ, ಹಲವು ಸಿಬ್ಬಂದಿ. ಸಂಸ್ಥೆಯ ಹೆಸರು, ವಿಳಾಸ, ನೋಂದಣಿ ಸಂಖ್ಯೆ ಎಲ್ಲರದಕ್ಕೂ ಒಂದೇ. ಅರ್ಜಿದಾರರ ಹೆಸರು ಒಂದೊಂದು ಚೌಕಕ್ಕೆ ಒಂದೊಂದು ಅಕ್ಷರದಂತೆ ಇಂಗ್ಲಿಷ್‌ನಲ್ಲಿ, ವಿಳಾಸ ಕನ್ನಡದಲ್ಲಿ. ಬ್ರೌಸರಿನ ಉಪಕರಣಗಳು ಸೋಲುವುದು ಇಲ್ಲೇ. ಚೌಕಗಳಿಗೆ ಅಕ್ಷರ ಹೊಂದುವುದಿಲ್ಲ. ಕೆಲವು ಪಿಡಿಎಫ್ ಎಡಿಟರ್‌ಗಳಲ್ಲಿ ಕನ್ನಡದ ಒತ್ತಕ್ಷರವೂ ಒಡೆಯುತ್ತದೆ. "ವಿಶ್ವನಾಥ" ಎಂದು ಟೈಪ್ ಮಾಡಿದರೆ "ವಿಶ್‌ವನಾಥ" ಎಂದು ಬಿಡಿಬಿಡಿಯಾಗಿ ಮೂಡುತ್ತದೆ. ಆದ್ದರಿಂದ ಉತ್ತರದ ಪದರವನ್ನು ಲಿಬ್ರೆಆಫೀಸ್ ಡ್ರಾ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ತಯಾರಿಸಿ ಆಮೇಲೆ ನಮೂನೆಯ ಮೇಲೆ ಕೂರಿಸುತ್ತೇನೆ. ಅಲ್ಲಿ ಯೂನಿಕೋಡ್ ಕನ್ನಡ ಸರಿಯಾಗಿ ಜೋಡಣೆಯಾಗುತ್ತದೆ.

ಮೊದಲು ಪುಟದ ಅಳತೆ ನೋಡಬೇಕು, ಆಮೇಲೆ ಪುಟಗಳ ಚಿತ್ರ ತೆಗೆಯಬೇಕು. ಎರಡಕ್ಕೂ ಪಾಪ್ಲರ್ ಎಂಬ ಉಪಕರಣಗಳ ಆದೇಶಗಳನ್ನು ಟರ್ಮಿನಲ್‌ನಲ್ಲಿ ಕೊಡುತ್ತೇನೆ:

```
pdfinfo form.pdf
pdftoppm -r 150 -png form.pdf page
```

ಮೊದಲ ಆದೇಶದ ಉತ್ತರದಲ್ಲಿ `Page size` ಎಂಬ ಸಾಲಿರುತ್ತದೆ. ಎ4 ಆದರೆ ಸುಮಾರು 595 x 842 ಪಾಯಿಂಟ್, ಅಂದರೆ 210 x 297 ಮಿ.ಮೀ. ಸ್ಕ್ಯಾನ್ ಮಾಡಿದ ನಮೂನೆಗಳಲ್ಲಿ ಇದು ವಿಚಿತ್ರ ಅಳತೆಯಲ್ಲೂ ಇರಬಹುದು. ಅಳತೆ ಏನೇ ಇರಲಿ, ಡ್ರಾದ ಪುಟಕ್ಕೆ ಅದನ್ನೇ ಕೊಡಿ. ಇಲ್ಲದಿದ್ದರೆ ಕೊನೆಗೆ ಕೂರಿಸುವಾಗ ಪದರ ಕುಗ್ಗಿ ಅಥವಾ ಜರುಗಿ ಎಲ್ಲ ಉತ್ತರಗಳೂ ಗೆರೆಯಿಂದ ಆಚೆ ಹೋಗುತ್ತವೆ. ಎರಡನೇ ಆದೇಶ ಕೊಟ್ಟ ಚಿತ್ರವನ್ನು ಡ್ರಾ ಪುಟದ ಪೂರ್ತಿ ಅಗಲ ಎತ್ತರಕ್ಕೆ ಹಾಸಿ, ಜರುಗದಂತೆ ಲಾಕ್ ಮಾಡಿ. ಈ ಚಿತ್ರ ಜಾಗ ನೋಡಿಕೊಳ್ಳುವುದಕ್ಕೆ ಮಾತ್ರ.

ವಿಳಾಸ, ದಿನಾಂಕಗಳಿಗೆ ಆಯಾ ಜಾಗದಲ್ಲಿ ಪಠ್ಯಪೆಟ್ಟಿಗೆ ಇಟ್ಟರೆ ಮುಗಿಯಿತು. ಲೆಕ್ಕ ಬೇಕಾಗುವುದು ಚೌಕಗಳಿಗೆ. ಇಲ್ಲಿ ಎಲ್ಲ ಅಕ್ಷರಗಳೂ ಸಮಾನ ಅಗಲ ಇರುವ ಫಾಂಟ್ ಬೇಕು. ಕೊರಿಯರ್ ನ್ಯೂ ಅಥವಾ ಲಿಬರೇಷನ್ ಮೊನೊ ಆಗಬಹುದು. ಇವುಗಳಲ್ಲಿ ಒಂದು ಅಕ್ಷರದ ಅಗಲ ಫಾಂಟ್ ಗಾತ್ರದ 0.6 ಪಾಲು. ಅಂದರೆ 12 ಪಾಯಿಂಟ್ ಗಾತ್ರದಲ್ಲಿ 7.2 ಪಾಯಿಂಟ್. ನಮ್ಮ ನಮೂನೆಯಲ್ಲಿ 10 ಚೌಕಗಳ ಒಟ್ಟು ಉದ್ದ 50 ಮಿ.ಮೀ. ಅನ್ನಿ, ಚೌಕಕ್ಕೆ 5 ಮಿ.ಮೀ. ಆಯಿತು. ಒಂದು ಮಿ.ಮೀ. ಎಂದರೆ 2.835 ಪಾಯಿಂಟ್, ಹಾಗಾಗಿ ಚೌಕ 14.17 ಪಾಯಿಂಟ್. ಅದರಲ್ಲಿ 7.2 ಕಳೆದರೆ ಉಳಿಯುವುದು 6.97. ಡ್ರಾದಲ್ಲಿ `Format`, `Character`, `Position` ಒಳಗೆ ಅಕ್ಷರಗಳ ನಡುವಿನ ಅಂತರಕ್ಕೆ 7 ಪಾಯಿಂಟ್ ಕೊಟ್ಟರೆ ಹೆಸರು ಚೌಕಗಳೊಳಗೆ ಕೂರುತ್ತದೆ. ಹೆಸರು ಬದಲಾದಾಗ ಮೇಲೆ ಟೈಪ್ ಮಾಡಿದರಾಯಿತು, ಅಂತರ ಹಾಗೇ ಇರುತ್ತದೆ. ಹೆಸರಿನ ಭಾಗಗಳ ನಡುವೆ ಒಂದು ಚೌಕ ಬಿಡಬೇಕಾದರೆ ಒಂದು ಸ್ಪೇಸ್ ಒತ್ತಿದರೆ ಸಾಕು, ಅದರ ಅಗಲವೂ ಅಷ್ಟೇ.

ಅಳೆಯುವಾಗ ಒಂದೇ ಚೌಕವನ್ನು ಅಳೆಯಬೇಡಿ, ಇಡೀ ಸಾಲನ್ನು ಅಳೆದು ಭಾಗಿಸಿ. ಒಂದು ಚೌಕದ ಅಳತೆಯಲ್ಲಿ 0.1 ಮಿ.ಮೀ. ತಪ್ಪಿದರೆ ಮೊದಲ ಅಕ್ಷರಗಳಲ್ಲಿ ಗೊತ್ತೇ ಆಗುವುದಿಲ್ಲ, 30ನೇ ಚೌಕದ ಹೊತ್ತಿಗೆ 3 ಮಿ.ಮೀ. ಜರುಗಿ ಅಕ್ಷರ ಗೆರೆಯ ಮೇಲೆ ನಿಂತಿರುತ್ತದೆ. ಆದ್ದರಿಂದ ಸರಿಯಾಗಿದೆಯೇ ಎಂದು ಪರೀಕ್ಷಿಸುವುದಕ್ಕೆ ಚಿಕ್ಕ ಹೆಸರು ಸಾಲದು, ಸಾಲಿನ ಕೊನೆಯ ಚೌಕದವರೆಗೂ ತುಂಬಿ ನೋಡಬೇಕು. ಸ್ಕ್ಯಾನ್ ಮಾಡಿದ ನಮೂನೆಯಲ್ಲಿ ಹಾಳೆ ಸ್ವಲ್ಪ ಓರೆಯಾಗಿದ್ದರೆ ಅಕ್ಷರಗಳು ಕ್ರಮೇಣ ಮೇಲಕ್ಕೋ ಕೆಳಕ್ಕೋ ಹೋದಂತೆ ಕಾಣುತ್ತವೆ. ಆಗ ಪಠ್ಯಪೆಟ್ಟಿಗೆಯನ್ನೇ ಅಷ್ಟು ಓರೆ ಮಾಡಬೇಕು, ಅಂತರ ಬದಲಿಸಿ ಪ್ರಯೋಜನವಿಲ್ಲ.

ತುಂಬಿದ್ದಾದ ಮೇಲೆ ಡ್ರಾ ಫೈಲಿನ ಒಂದು ಪ್ರತಿ ಮಾಡಿ, ಆ ಪ್ರತಿಯಿಂದ ಹಿನ್ನೆಲೆ ಚಿತ್ರಗಳನ್ನು ಅಳಿಸಿ, ಬರೀ ಅಕ್ಷರಗಳಿರುವ ಪುಟಗಳನ್ನು ಪಿಡಿಎಫ್ ಆಗಿ ಎಕ್ಸ್‌ಪೋರ್ಟ್ ಮಾಡಿ. ಅದನ್ನು ಮೂಲ ನಮೂನೆಯ ಮೇಲೆ qpdf ಎಂಬ ಉಪಕರಣದಿಂದ ಹೀಗೆ ಕೂರಿಸಬೇಕು:

```
qpdf form.pdf --overlay answers.pdf -- filled.pdf
```

ಮೊದಲ ಪುಟದ ಮೇಲೆ ಮೊದಲ ಪುಟ, ಎರಡರ ಮೇಲೆ ಎರಡು. ನಮೂನೆಯಲ್ಲಿ ನಾವು ಏನೂ ಬರೆಯದ ಪುಟ ನಡುವೆ ಇದ್ದರೆ ಉತ್ತರದ ಫೈಲಿನಲ್ಲೂ ಅಲ್ಲೊಂದು ಖಾಲಿ ಪುಟ ಇರಲೇಬೇಕು.

ಈ ರೀತಿ ಕೂರಿಸಿದ ಪಠ್ಯ ಪುಟದ ಭಾಗವೇ ಆಗಿಬಿಡುತ್ತದೆ, ಅದು ದೊಡ್ಡ ಅನುಕೂಲ. ಕೆಲವು ಉಪಕರಣಗಳು ಪಠ್ಯವನ್ನು ಟಿಪ್ಪಣಿಯ ರೂಪದಲ್ಲಿ ಅಂಟಿಸುತ್ತವೆ. ನಮ್ಮ ಪರದೆಯಲ್ಲಿ ಎಲ್ಲ ತುಂಬಿದಂತೆ ಕಾಣುತ್ತದೆ, ಆ ಕಡೆಯವರು ಟಿಪ್ಪಣಿಗಳನ್ನು ಬಿಟ್ಟು ಪ್ರಿಂಟ್ ಕೊಟ್ಟರೆ ಖಾಲಿ ನಮೂನೆ ಹೊರಬರುತ್ತದೆ. ಸೇರಿಸಿದ ಅಕ್ಷರದ ಮೇಲೆ ಕ್ಲಿಕ್ ಮಾಡಿದಾಗ ಅದರ ಸುತ್ತ ಚೌಕಟ್ಟು ಬಂದು ಎಳೆದಾಡಲು ಸಾಧ್ಯವಾದರೆ ಅದು ಇನ್ನೂ ಟಿಪ್ಪಣಿಯೇ ಎಂದು ತಿಳಿಯಿರಿ. ಅಂಥದ್ದನ್ನು `Microsoft Print to PDF` ಮೂಲಕ ಮತ್ತೆ ಪಿಡಿಎಫ್ ಆಗಿ ಉಳಿಸಿದರೆ ಪುಟಕ್ಕೆ ಸೇರಿಕೊಳ್ಳುತ್ತದೆ. ಯಾವ ದಾರಿ ಹಿಡಿದರೂ, ತಯಾರಾದ ಫೈಲನ್ನು ಬೇರೊಂದು ತಂತ್ರಾಂಶದಲ್ಲಿ, ಸಾಧ್ಯವಾದರೆ ಫೋನ್‌ನಲ್ಲಿ, ತೆರೆದು ಒಂದೊಂದು ಒತ್ತಕ್ಷರವನ್ನೂ ಓದುತ್ತೇನೆ.

ಪ್ರಿಂಟ್ ತೆಗೆಯುವಾಗ `Actual size` ಆರಿಸಿ. `Fit` ಇದ್ದರೆ ಪ್ರಿಂಟರ್ ಅಂಚಿನ ಜಾಗಕ್ಕಾಗಿ ಪುಟವನ್ನು ಕೊಂಚ ಕುಗ್ಗಿಸುತ್ತದೆ. 35 x 45 ಮಿ.ಮೀ. ಫೋಟೋಗೆ ಬಿಟ್ಟ ಚೌಕ ಕಿರಿದಾಗಿ ಫೋಟೋ ಗೆರೆ ದಾಟುತ್ತದೆ. ಸಂಶಯವಿದ್ದರೆ ಆ ಚೌಕಕ್ಕೇ ಅಳತೆಪಟ್ಟಿ ಹಿಡಿದು ನೋಡಿ.

ಸಹಿಯನ್ನು ಪೆನ್ನಿನಲ್ಲೇ ಹಾಕಿಸುತ್ತೇನೆ. ಸಹಿಯ ಚಿತ್ರ ಅಂಟಿಸಬಹುದು ಎಂದು ಸೂಚನೆಯಲ್ಲಿ ಸ್ಪಷ್ಟವಾಗಿ ಇಲ್ಲದಿದ್ದರೆ ಅಂಟಿಸಬಾರದು. ಅಪ್‌ಲೋಡ್ ಮಾಡಬೇಕಾದ ಅರ್ಜಿಯಲ್ಲಿ ಕೊನೆಯ ಪುಟಕ್ಕೆ ಮಾತ್ರ ಸಹಿ ಕೇಳಿದ್ದರೆ ಇಡೀ ಅರ್ಜಿಯನ್ನು ಸ್ಕ್ಯಾನ್ ಮಾಡುವ ಅಗತ್ಯವಿಲ್ಲ. ಆ ಒಂದು ಪುಟವನ್ನು 200 ಡಿಪಿಐ ಗ್ರೇಸ್ಕೇಲ್‌ನಲ್ಲಿ ಸ್ಕ್ಯಾನ್ ಮಾಡಿ ಉಳಿದವಕ್ಕೆ ಜೋಡಿಸುತ್ತೇನೆ. ಮೂರು ಪುಟದ ಅರ್ಜಿಗೆ:

```
qpdf --empty --pages filled.pdf 1-2 signed.pdf 1 -- final.pdf
```

ಮೊದಲೆರಡು ಪುಟಗಳು ಸ್ಪಷ್ಟ ಅಕ್ಷರಗಳಾಗಿಯೇ ಉಳಿಯುತ್ತವೆ. ವರ್ಡ್‌ನಿಂದ ಬಂದ ನಮೂನೆಯಾದರೆ ಫೈಲಿನ ಗಾತ್ರವೂ ಚಿಕ್ಕದಾಗಿರುತ್ತದೆ, ಪೋರ್ಟಲ್‌ನ ಮಿತಿಯೊಳಗೆ ಸುಲಭವಾಗಿ ಸೇರುತ್ತದೆ. ಪ್ರತಿ ಪುಟಕ್ಕೂ ಸಹಿ ಕೇಳಿದ್ದರೆ ಈ ಅನುಕೂಲ ಇಲ್ಲ, ಎಲ್ಲ ಪುಟವನ್ನೂ ಸ್ಕ್ಯಾನ್ ಮಾಡಲೇಬೇಕು.

ಪದರ ಕೂರಿಸುವ ಈ ವಿಧಾನವನ್ನು ನಾನು ಬಳಸದ ನಮೂನೆಗಳೂ ಇವೆ. ಅಡೋಬಿ ರೀಡರ್‌ನಲ್ಲಿ ಫೈಲಿನ `Properties` ಒಳಗೆ `Security` ನೋಡಿ. ಅಲ್ಲಿ ಬದಲಾವಣೆಗೆ ಅನುಮತಿ ಇಲ್ಲ, ಪ್ರಿಂಟ್‌ಗೆ ಮಾತ್ರ ಇದೆ ಎಂದಿದ್ದರೆ ಆ ಬೀಗ ಮುರಿಯುವ ಪ್ರಯತ್ನ ಮಾಡುವುದಿಲ್ಲ, ಪ್ರಿಂಟ್ ತೆಗೆದು ಕೈಯಲ್ಲಿ ತುಂಬಿಸುತ್ತೇವೆ. ಇಲಾಖೆಯ ಡಿಜಿಟಲ್ ಸಹಿ ಇರುವ ಫೈಲನ್ನೂ ಮುಟ್ಟುವುದಿಲ್ಲ, ಏಕೆಂದರೆ ಮೇಲೆ ಪದರ ಸೇರಿಸಿ ಹೊಸ ಫೈಲ್ ಮಾಡಿದೊಡನೆ ಆ ಸಹಿ ಸಿಂಧುವಾಗಿ ಉಳಿಯುವುದಿಲ್ಲ. ಇನ್ನು, ಹಳೆಯ ಪದರವನ್ನು ಮತ್ತೆ ಬಳಸುವ ಮುಂಚೆ ನಮೂನೆಯನ್ನು ಇಲಾಖೆಯ ತಾಣದಿಂದ ಹೊಸದಾಗಿ ಇಳಿಸಿಕೊಂಡು ಹಳೆಯದರ ಪಕ್ಕ ಇಟ್ಟು ನೋಡುತ್ತೇನೆ. ಒಂದು ಕಾಲಂ ಹೊಸದಾಗಿ ಸೇರಿದ್ದರೂ ಅದರ ಕೆಳಗಿನ ಉತ್ತರಗಳೆಲ್ಲ ತಪ್ಪು ಸಾಲಿಗೆ ಹೋಗಿ ಕೂರುತ್ತವೆ.